ಮಾತು ಕಡಿಮೆಯವರ ಮದುವೆ ಮಾತುಕತೆ: ಬಯೋಡೇಟಾದಿಂದ ಮೊದಲ ಆರು ತಿಂಗಳವರೆಗೆ

ಹೆಣ್ಣು ನೋಡುವ ಕಾರ್ಯಕ್ರಮ ನಮ್ಮ ಕಡೆ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ಹಾಲಿನಲ್ಲಿ ಎರಡೂ ಕಡೆಯ ಹತ್ತು ಹನ್ನೆರಡು ಜನ, ಉಪ್ಪಿಟ್ಟು, ಕೇಸರಿಬಾತು, ಸಂಬಳ, ಸೈಟು, ಗೋತ್ರ. ಕೊನೆಗೆ ಯಾರೋ ದೊಡ್ಡಪ್ಪ "ಮಕ್ಕಳು ಒಂದೆರಡು ಮಾತಾಡ್ಕೊಳ್ಳಲಿ" ಅಂತ ಟೆರೇಸಿಗೆ ಕಳಿಸಿದಾಗ ಸಿಗುವ ಹತ್ತು ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲಿ ಸಲೀಸಾಗಿ ಮಾತಾಡಿದವರು "ಚೂಟಿ ಹುಡುಗಿ", "ಒಳ್ಳೆ ಹುಡುಗ" ಆಗುತ್ತಾರೆ. ಮಾತು ಕಡಿಮೆಯವರ ಬಗ್ಗೆ, ಕಾರು ಗೇಟು ದಾಟುವಷ್ಟರಲ್ಲಿ, "ಯಾಕೋ ಇಷ್ಟ ಇದ್ದ ಹಾಗೆ ಕಾಣಲಿಲ್ಲ" ಅನ್ನುವ ತೀರ್ಮಾನ ಆಗಿರುತ್ತದೆ.

ಅಂತರ್ಮುಖಿಗಳಿಗೆ ಈ ಏರ್ಪಾಡು ಎರಡು ರೀತಿಯಲ್ಲಿ ಪೆಟ್ಟು ಕೊಡುತ್ತದೆ. ಒಂದು, ಅವರು ತಮ್ಮಂತೆಯೇ ಇದ್ದರೆ ಒಳ್ಳೆಯ ಸಂಬಂಧಗಳು ತಪ್ಪಿಹೋಗುತ್ತವೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಮನೆಯವರ ಒತ್ತಾಯಕ್ಕೆ ಆ ಒಂದು ದಿನ ಮಾತುಗಾರರಂತೆ ನಟಿಸಿದರೆ, ನಟನೆಯನ್ನು ಒಪ್ಪಿದವರ ಜೊತೆ ಮದುವೆ ಆಗುತ್ತದೆ. ಮೂರನೇ ತಿಂಗಳಿಗೆ "ಆಗ ಎಷ್ಟು ಮಾತಾಡ್ತಿದ್ದೆ, ಈಗ ಏನಾಯ್ತು ನಿಂಗೆ?" ಎಂಬ ಪ್ರಶ್ನೆ ಬರುತ್ತದೆ. ಈ ಎರಡರ ನಡುವೆ ಒಂದು ದಾರಿಯಿದೆ. ಸ್ವಭಾವವನ್ನು ಮುಚ್ಚಿಡದೆ, ಎದುರಿನವರಿಗೆ ಅರ್ಥವಾಗುವಂತೆ ಅದನ್ನು ತೋರಿಸುವ ದಾರಿ ಅದು. ಹಂತ ಹಂತವಾಗಿ ನೋಡೋಣ.

ಹುಡುಕುವ ಮೊದಲು: ನಿಮ್ಮದು ಯಾವ ಮೌನ

ಸುಮ್ಮನಿರುವವರೆಲ್ಲ ಅಂತರ್ಮುಖಿಗಳಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ಮುಂದಿಟ್ಟಾಗ ಅವರು ಹೇಳಿದ್ದು ಮನಸ್ಸಿನ ಶಕ್ತಿ ಒಳಮುಖವಾಗಿ ಹರಿಯುತ್ತದೆಯೋ ಹೊರಮುಖವಾಗಿಯೋ ಎಂಬುದನ್ನು. ಅದು ಭಯದ ವಿಷಯವಾಗಿರಲಿಲ್ಲ. 1981ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೊನಾಥನ್ ಚೀಕ್ ಮತ್ತು ಆರ್ನಾಲ್ಡ್ ಬಸ್ ನಾಚಿಕೆಯೂ ಜನರೊಡನೆ ಬೆರೆಯುವ ಆಸೆಯೂ ಬೇರೆ ಬೇರೆ ಗುಣಗಳೆಂದು ತೋರಿಸಿದರು. ಜನ ಬೇಕು ಅನ್ನಿಸಿಯೂ ಹತ್ತಿರ ಹೋಗಲು ಹೆದರುವವರಿದ್ದಾರೆ. ಹೆದರಿಕೆ ಏನೂ ಇಲ್ಲದೆ, ಒಂದು ಹೊತ್ತಿನ ನಂತರ "ಸಾಕು" ಅನ್ನಿಸುವವರೂ ಇದ್ದಾರೆ. ಅಂತರ್ಮುಖಿಗಳೆಂದರೆ ಈ ಎರಡನೆಯವರು.

ನಿಮ್ಮದು ಯಾವುದೆಂದು ತಿಳಿಯಲು ಎರಡು ಸಂದರ್ಭಗಳನ್ನು ನೆನಪಿಸಿಕೊಳ್ಳಿ. ಹತ್ತಿರದ ಒಬ್ಬ ಗೆಳತಿಯ ಜೊತೆ ಎರಡು ಗಂಟೆ ಕಳೆದ ಮೇಲೆ ಹೇಗಿರುತ್ತೀರಿ? ನೂರು ಜನ ಸೇರಿದ ಗೃಹಪ್ರವೇಶ ಮುಗಿಸಿ ಬಂದ ಮೇಲೆ ಹೇಗಿರುತ್ತೀರಿ? ಮೊದಲನೆಯದರಲ್ಲಿ ಹಗುರವಾಗಿ, ಎರಡನೆಯದರಲ್ಲಿ ದಣಿದು, ಮಾರನೇ ದಿನ ಸರಿಹೋದರೆ ಅದು ಸ್ವಭಾವ. ಹೋಗುವ ಎರಡು ದಿನ ಮುಂಚೆಯೇ ಹೊಟ್ಟೆ ತೊಳಸಿ, ಬಂದ ಮೇಲೆ "ಹಾಗೆ ಅಂದೆನಲ್ಲ, ಏನಂದುಕೊಂಡರೋ" ಎಂದು ದಿನಗಟ್ಟಲೆ ಕೊರಗಿದರೆ ಅದು ಆತಂಕ. ವ್ಯತ್ಯಾಸ ಮುಖ್ಯ, ಏಕೆಂದರೆ ಪರಿಹಾರ ಒಂದಕ್ಕೊಂದು ತದ್ವಿರುದ್ಧ. ಅಂತರ್ಮುಖಿಗೆ ಏಕಾಂತ ಕೊಟ್ಟರೆ ಚೇತರಿಕೆ ಆಗುತ್ತದೆ. ಆತಂಕ ಇರುವವರಿಗೆ ಬರೀ ಏಕಾಂತ ಕೊಟ್ಟರೆ ಭಯ ಬೆಳೆಯುತ್ತದೆ, ಅದಕ್ಕೆ ಆಪ್ತಸಮಾಲೋಚನೆ ಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಸ್ವಭಾವವೇ ಎಂದು ಖಚಿತವಾದರೆ ಎರಡು ವಾರ ಒಂದು ಸಣ್ಣ ಲೆಕ್ಕ ಇಡಿ. ರಾತ್ರಿ ಮಲಗುವ ಮುಂಚೆ, ಅಂದು ಎಷ್ಟು ಜನರ ಜೊತೆ ಎಷ್ಟು ಹೊತ್ತು ಇದ್ದಿರಿ, ಈಗ ಹತ್ತಕ್ಕೆ ಎಷ್ಟು ಚೈತನ್ಯ ಉಳಿದಿದೆ ಎಂದು ಒಂದು ಸಾಲು ಬರೆಯಿರಿ. ಹದಿನಾಲ್ಕು ಸಾಲು ಸೇರುವಷ್ಟರಲ್ಲಿ ನಿಮ್ಮ ಮಿತಿ ಕಣ್ಣಿಗೆ ಕಾಣುತ್ತದೆ: ಆಫೀಸಿನ ದಿನ ಸಂಜೆ ಒಂದು ಗಂಟೆ ಒಬ್ಬರೇ ಇದ್ದರೆ ಸಾಕು, ಮದುವೆ ಮನೆಗೆ ಹೋದ ಮಾರನೇ ದಿನ ಅರ್ಧ ದಿನ ಬೇಕು, ಇತ್ಯಾದಿ. "ನಾನು ಸ್ವಲ್ಪ ರಿಸರ್ವ್ಡು" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಆಫೀಸಿಂದ ಬಂದ ಮೇಲೆ ಮುಕ್ಕಾಲು ಗಂಟೆ ನಂಗೆ ಮಾತು ಬೇಡ, ಆಮೇಲೆ ನಾನೇ ಬರ್ತೀನಿ" ಎಂದರೆ ಎಂಥವರಿಗೂ ತಿಳಿಯುತ್ತದೆ. ಮುಂದಿನ ಎಲ್ಲ ಹಂತಗಳಲ್ಲೂ ಈ ಲೆಕ್ಕ ಬೇಕಾಗುತ್ತದೆ.

ಬಯೋಡೇಟಾದಲ್ಲಿ ಏನು ಬರೆಯಬೇಕು

ಮ್ಯಾಟ್ರಿಮೊನಿ ಪ್ರೊಫೈಲನ್ನು ಸಾಮಾನ್ಯವಾಗಿ ಅಪ್ಪ ಅಮ್ಮ ಇಲ್ಲವೇ ಅಣ್ಣ ಬರೆಯುತ್ತಾರೆ. ಒಳ್ಳೆಯ ಉದ್ದೇಶದಿಂದಲೇ "ಎಲ್ಲರೊಂದಿಗೂ ಬೆರೆಯುವ ಹಸನ್ಮುಖಿ" ಎಂದು ಹಾಕಿಬಿಡುತ್ತಾರೆ. ಮನೆ ತುಂಬ ಜನ, ವಾರಕ್ಕೊಂದು ಟ್ರಿಪ್ಪು ಬಯಸುವವರೇ ಆ ಸಾಲು ನೋಡಿ ಬರುತ್ತಾರೆ. ಅವರ ತಪ್ಪೇನೂ ಇಲ್ಲ.

ಸ್ವಭಾವಕ್ಕೆ ಹೆಸರಿಡುವ ಬದಲು ನಿಮ್ಮ ಒಂದು ಭಾನುವಾರ ಹೇಗೆ ಕಳೆಯುತ್ತದೆ ಎಂದು ಬರೆಯಿರಿ. ನಾಲ್ಕು ಸಾಲು ಸಾಕು. ಉದಾಹರಣೆಗೆ: "ಬೆಳಿಗ್ಗೆ ಒಬ್ಬಳೇ ವಾಕಿಂಗ್ ಹೋಗುತ್ತೇನೆ. ಮಧ್ಯಾಹ್ನ ಅಮ್ಮನ ಜೊತೆ ಅಡುಗೆ. ಸಂಜೆ ಓದು, ಇಲ್ಲವೇ ಒಬ್ಬಿಬ್ಬರು ಹಳೆಯ ಸ್ನೇಹಿತರ ಭೇಟಿ. ದೊಡ್ಡ ಗುಂಪಿನಲ್ಲಿ ಮಾತು ಕಡಿಮೆ, ಹತ್ತಿರದವರ ಜೊತೆ ಚೆನ್ನಾಗಿ ಮಾತಾಡುತ್ತೇನೆ." ಕೊನೆಯ ಸಾಲನ್ನು ಬಿಡಬೇಡಿ. ಮಾತು ಕಡಿಮೆ ಎಂಬುದಷ್ಟೇ ಇದ್ದರೆ ಓದುವವರು ಅದನ್ನು ಬಿಗುಮಾನ ಎಂದೋ ಮನೆಯವರ ಬಲವಂತಕ್ಕೆ ಒಪ್ಪಿದ ಮದುವೆ ಎಂದೋ ಅರ್ಥ ಮಾಡಿಕೊಳ್ಳುತ್ತಾರೆ. ಇಂಥ ಪ್ರೊಫೈಲಿಗೆ ಬರುವ ಪ್ರಸ್ತಾಪಗಳು ಖಂಡಿತ ಕಡಿಮೆಯಾಗುತ್ತವೆ. ಮನೆಯವರು ಇದರಿಂದ ಗಾಬರಿಯಾಗುತ್ತಾರೆ, ಅವರನ್ನು ಮೊದಲೇ ಸಿದ್ಧಪಡಿಸಿ. ತಿಂಗಳಿಗೆ ಎಂಟು ಮನೆಯವರ ಮುಂದೆ ಕೂತು ದಣಿಯುವ ಬದಲು ಎರಡೇ ಮನೆಯವರನ್ನು ಸರಿಯಾಗಿ ನೋಡುವುದು ಅಂತರ್ಮುಖಿಗಳಿಗೆ ಹೆಚ್ಚು ಹಿತ.

ಮೊದಲ ಭೇಟಿ

ನಿಮ್ಮನ್ನು ಬದಲಿಸಿಕೊಳ್ಳುವ ಮೊದಲು ಭೇಟಿಯ ಏರ್ಪಾಡನ್ನು ಬದಲಿಸಿ. ಅದರಲ್ಲಿ ನಾಲ್ಕು ಸಂಗತಿ ನಿಮ್ಮ ಕೈಯಲ್ಲಿವೆ.

ಒಂದನೆಯದು ದಿನ. ವಾರಾಂತ್ಯಕ್ಕೆ ಒಂದೇ ಭೇಟಿ. ಒಂದೇ ಭಾನುವಾರ ಬೆಳಿಗ್ಗೆ ತುಮಕೂರು, ಮಧ್ಯಾಹ್ನ ಹಾಸನ ಎಂದು ಹೊರಟರೆ ಎರಡನೇ ಮನೆಯವರು ನೋಡುವುದು ನಿಮ್ಮ ದಣಿವನ್ನು ಮಾತ್ರ. ಭೇಟಿಗೆ ಮುಂಚಿನ ಒಂದು ಗಂಟೆ ಯಾರೂ ಇಲ್ಲದಂತೆ ನೋಡಿಕೊಳ್ಳಿ. ಕಾರಿನಲ್ಲಿ ಚಿಕ್ಕಮ್ಮ, ಮಾವಂದಿರು ದಾರಿಯುದ್ದಕ್ಕೂ ಉಪದೇಶ ಕೊಡುವ ಪ್ರಯಾಣವಾದರೆ ಇಯರ್‌ಫೋನ್ ಹಾಕಿ ಕಣ್ಣು ಮುಚ್ಚಿಕೊಳ್ಳಿ, ತಪ್ಪೇನಿಲ್ಲ.

ಎರಡನೆಯದು ಜಾಗ. ಎದುರುಬದುರು ಕುರ್ಚಿಗಿಂತ ಅಕ್ಕಪಕ್ಕ ನಡೆಯುವುದು ಮಿತಭಾಷಿಗಳಿಗೆ ತುಂಬ ಸುಲಭ. ನಡೆಯುವಾಗ ಸುಮ್ಮನಾದರೆ ಅದು ಸಹಜವಾಗಿ ಕಾಣುತ್ತದೆ, ಮೇಜಿನ ಎದುರು ಸುಮ್ಮನಾದರೆ ಇಬ್ಬರಿಗೂ ಮುಜುಗರ. ಲಾಲ್‌ಬಾಗು, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ, ಊರಿನ ದೇವಸ್ಥಾನದ ಪ್ರಾಕಾರ, ಯಾವುದಾದರೂ ಆಗುತ್ತದೆ. ಗಲಾಟೆಯ ಮಾಲ್, ಜೋರು ಸಂಗೀತದ ಕೆಫೆ ಬೇಡ. ಮನೆಯವರು ಹೊರಗೆ ಕಳಿಸಲು ಒಪ್ಪದಿದ್ದರೆ, ಹೆಣ್ಣುಮಕ್ಕಳಿಗೆ ಈ ಅಡ್ಡಿ ಹೆಚ್ಚು, ಮನೆಯಲ್ಲಿ ನಿಮ್ಮ ಮಾತು ನಡೆಸಿಕೊಡಬಲ್ಲ ಒಬ್ಬರನ್ನು ಹಿಡಿಯಿರಿ. ಅತ್ತಿಗೆಯೋ ಸೋದರಮಾವನೋ ಮೊದಲೇ ಫೋನಿನಲ್ಲಿ "ಹುಡುಗ ಹುಡುಗಿ ಅರ್ಧ ಗಂಟೆ ಟೆರೇಸಲ್ಲಿ ಕೂತು ಮಾತಾಡಲಿ, ಇನ್ನೊಂದು ಸಲ ಭೇಟಿ ಆದಮೇಲೆ ಉತ್ತರ ಹೇಳ್ತೀವಿ" ಎಂದು ಹೇಳಿಬಿಟ್ಟರೆ ಹಾಲಿನಲ್ಲಿ ಯಾರೂ ವಾಚು ನೋಡುವುದಿಲ್ಲ.

ಮೂರನೆಯದು ಸಮಯ. ಆರಂಭದಷ್ಟೇ ಮುಕ್ತಾಯವೂ ಮೊದಲೇ ಗೊತ್ತಿರಲಿ. ಒಂದರಿಂದ ಒಂದೂವರೆ ಗಂಟೆ ಸರಿಯಾದ ಅಳತೆ. ಯಾವಾಗ ಮುಗಿಯುತ್ತದೆಂದು ಗೊತ್ತಿದ್ದರೆ ಅಂತರ್ಮುಖಿಗಳು ಅಲ್ಲಿಯವರೆಗೆ ಪೂರ್ತಿ ಮನಸ್ಸಿಟ್ಟು ಇರಬಲ್ಲರು. ಗೊತ್ತಿಲ್ಲದಿದ್ದರೆ ಮೊದಲಿನಿಂದಲೇ ಶಕ್ತಿ ಉಳಿಸಲು ನೋಡುತ್ತಾರೆ, ಅದೇ ನಿರಾಸಕ್ತಿಯಾಗಿ ಕಾಣುತ್ತದೆ.

ನಾಲ್ಕನೆಯದು ಹೋಗುವ ಮುಂಚಿನ ಮನಸ್ಸು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಜಾನ್ ಜೆಲೆನ್ಸ್ಕಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜನರೊಡನೆ ಬೆರೆತು ಮಾತಾಡುವ ಕೆಲಸ ಎಷ್ಟು ಹಿತವಾಗಿರಬಹುದು ಎಂದು ಮೊದಲೇ ಕೇಳಿದಾಗ ಅಂತರ್ಮುಖಿಗಳು ಕಡಿಮೆ ಅಂದಾಜು ಮಾಡಿದರು. ಮಾಡಿ ನೋಡಿದಾಗ ಅಂದಾಜಿಗಿಂತ ಹಿತವಾಗಿತ್ತು. ಹಾಗಾಗಿ ಶನಿವಾರ ರಾತ್ರಿಯ "ನಾಳೆ ಹೋಗೋದೇ ಬೇಡ" ಎಂಬ ಭಾವನೆಯ ಮೇಲೆ ಭೇಟಿ ರದ್ದು ಮಾಡಬೇಡಿ. ಹೋಗಿ ಬಂದ ಮೇಲಿನ ಭಾವನೆಯನ್ನು ನಂಬಿ.

ಈಗ ಮಾತು. ಮೊದಲ ಹತ್ತು ನಿಮಿಷದೊಳಗೆ ಒಂದು ಮಾತನ್ನು ನೇರವಾಗಿ ಹೇಳಿಬಿಡಿ: "ನಂಗೆ ಉತ್ತರ ಹೇಳೋಕೆ ಸ್ವಲ್ಪ ಹೊತ್ತು ಬೇಕಾಗುತ್ತೆ. ಸುಮ್ನಾದ್ರೆ ಬೇಜಾರಾಗಿದೆ ಅಂತಲ್ಲ, ಯೋಚನೆ ಮಾಡ್ತಿದೀನಿ ಅಂತ." ಇಷ್ಟು ಹೇಳಿದರೆ ಆಮೇಲಿನ ಪ್ರತಿ ಮೌನಕ್ಕೂ ಒಂದು ಅರ್ಥ ಸಿಕ್ಕಿರುತ್ತದೆ.

ವಿಷಯಕ್ಕೆ ಮೇಲಿನಿಂದ ಆಳಕ್ಕೆ ಮೂರು ಮೆಟ್ಟಿಲು ಇಟ್ಟುಕೊಳ್ಳಿ. ಅಮೆರಿಕದ ಆರ್ಥರ್ ಅರಾನ್ ತಂಡ 1997ರಲ್ಲಿ ಅಪರಿಚಿತರನ್ನು ಜೋಡಿ ಮಾಡಿ, ಹಂತಹಂತವಾಗಿ ಆಳಕ್ಕಿಳಿಯುವ 36 ಪ್ರಶ್ನೆಗಳನ್ನು ಮುಕ್ಕಾಲು ಗಂಟೆ ಪರಸ್ಪರ ಕೇಳಿಸಿತು. ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಇವರಲ್ಲಿ ಹೆಚ್ಚು ಆಪ್ತತೆ ಕಂಡುಬಂತು. ಅಲ್ಲಿ ಕೆಲಸ ಮಾಡಿದ್ದು ಎರಡು ಸಂಗತಿ: ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದು, ಇಬ್ಬರೂ ಹೇಳಿಕೊಂಡದ್ದು. ನಮ್ಮ ಸಂದರ್ಭಕ್ಕೆ ಅದು ಹೀಗಾಗುತ್ತದೆ. ಮೊದಲು ದಿನಚರಿ: "ಆಫೀಸಿಂದ ಮನೆಗೆ ಬಂದ ತಕ್ಷಣ ಏನ್ಮಾಡ್ತೀರಿ?" ಆಮೇಲೆ ಮನೆ: "ನಿಮ್ಮನೇಲಿ ಯಾರಿಗಾದ್ರೂ ಕೋಪ ಬಂದ್ರೆ ಹೇಗೆ ಗೊತ್ತಾಗುತ್ತೆ?" ಕೊನೆಗೆ ಮನಸ್ಸು: "ತುಂಬಾ ಸುಸ್ತಾದಾಗ ಹತ್ತಿರದವರು ಹೇಗಿದ್ರೆ ನಿಮಗೆ ಸಮಾಧಾನ?" ಎರಡನೇ ಪ್ರಶ್ನೆ ತುಂಬ ಬೆಲೆಬಾಳುವಂಥದ್ದು. "ನಮ್ಮಪ್ಪ ಎರಡು ದಿನ ಮಾತೇ ಬಿಡ್ತಾರೆ" ಎಂದೋ "ಎಲ್ಲ ಜೋರಾಗಿ ಕಿರುಚಿ ಹತ್ತು ನಿಮಿಷಕ್ಕೆ ಕಾಫಿ ಕುಡೀತಾರೆ" ಎಂದೋ ಬರುವ ಉತ್ತರದಿಂದ, ನಿಮ್ಮ ಮೌನವನ್ನು ಆ ಮನೆ ಹೇಗೆ ಓದಿಕೊಳ್ಳುತ್ತದೆ ಎಂಬುದು ಅರ್ಧ ತಿಳಿದುಬಿಡುತ್ತದೆ.

ಇಲ್ಲಿ ಅಂತರ್ಮುಖಿಗಳು ಮಾಡುವ ತಪ್ಪೊಂದಿದೆ. ತಮ್ಮ ಬಗ್ಗೆ ಹೇಳುವುದನ್ನು ತಪ್ಪಿಸಲು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ. ಎದುರಿನವರಿಗೆ ಅದು ಉದ್ಯೋಗದ ಸಂದರ್ಶನದಂತೆ ಅನ್ನಿಸುತ್ತದೆ. ಎರಡು ಪ್ರಶ್ನೆ ಕೇಳಿದ ಮೇಲೆ ನಿಮ್ಮದೊಂದು ಸಂಗತಿ ಹೇಳಲೇಬೇಕು ಎಂಬ ನಿಯಮ ಇಟ್ಟುಕೊಳ್ಳಿ.

ಬಂದ ಮೇಲೆ ಇಷ್ಟವಾಗಿದ್ದರೆ 24 ಗಂಟೆಯೊಳಗೆ ಒಂದು ಮೆಸೇಜು ಹೋಗಲಿ, ಅದರಲ್ಲಿ ಭೇಟಿಯ ಒಂದು ನಿರ್ದಿಷ್ಟ ಮಾತು ಇರಲಿ: "ನಿಮ್ಮಜ್ಜಿ ತೋಟದ ಬಗ್ಗೆ ಹೇಳಿದ್ರಲ್ಲ, ಅದನ್ನೇ ಯೋಚಿಸ್ತಿದ್ದೆ. ಇನ್ನೊಂದು ಸಲ ಸಿಗೋಣ ಅನ್ಸುತ್ತೆ." ನೀವು ಮನಸ್ಸಿನಲ್ಲೇ ಮೆಲುಕು ಹಾಕುತ್ತಾ ನಾಲ್ಕು ದಿನ ಸುಮ್ಮನಿದ್ದರೆ ಅತ್ತಲಿಂದ "ಜಾತಕ ಕೂಡಲಿಲ್ಲ" ಎಂಬ ಮರ್ಯಾದೆಯ ಉತ್ತರ ಬಂದುಬಿಡುತ್ತದೆ.

ಹೊಂದುತ್ತಾರೋ ಇಲ್ಲವೋ ಎಂದು ತಿಳಿಯುವುದು

"ನನಗೂ ಮಾತು ಕಡಿಮೆ, ಅವರಿಗೂ ಮಾತು ಕಡಿಮೆ, ಸರಿಹೋಗುತ್ತೆ" ಎಂಬ ಲೆಕ್ಕ ಪೂರ್ತಿ ನಿಜವಲ್ಲ. ಇಬ್ಬರು ಅಂತರ್ಮುಖಿಗಳ ಮನೆ ಪ್ರಶಾಂತವಾಗಿರುತ್ತದೆ, ಆದರೆ ಅಲ್ಲಿ ಕಷ್ಟದ ವಿಷಯವನ್ನು ಇಬ್ಬರೂ ಎತ್ತುವುದಿಲ್ಲ. ಸಾಲ, ಮಗು ಯಾವಾಗ, ಅಪ್ಪ ಅಮ್ಮ ಎಲ್ಲಿರಬೇಕು, ಎಲ್ಲವೂ ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ಬೀಗರಿಗೆ ಫೋನು ಮಾಡುವವರೇ ಇಲ್ಲದೆ ಸಂಬಂಧಗಳು ಒಣಗುತ್ತವೆ. ಅಂಥ ಜೋಡಿ ವಾರಕ್ಕೊಂದು ದಿನ ಅರ್ಧ ಗಂಟೆ "ಇವತ್ತು ಕಷ್ಟದ ಮಾತು" ಎಂದು ಗೊತ್ತು ಮಾಡಿಕೊಳ್ಳಲೇಬೇಕು. ಮಾತುಗಾರ ಸಂಗಾತಿ ಸಿಕ್ಕರೆ ಜನರೊಡನೆ ವ್ಯವಹರಿಸುವ ಭಾರ ಇಳಿಯುತ್ತದೆ, ಆದರೆ ಏಕಾಂತದ ಸಮಯಕ್ಕೆ ಪ್ರತಿ ವಾರ ಚೌಕಾಶಿ ಇರುತ್ತದೆ. ಎರಡರಲ್ಲೂ ಬದುಕಬಹುದು. ನೋಡಬೇಕಾದದ್ದು ಬೇರೆ.

ಜಾನ್ ಗಾಟ್‌ಮನ್ ಎಂಬ ಸಂಶೋಧಕರು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನವದಂಪತಿಗಳನ್ನು ಗಮನಿಸಿ ಆರು ವರ್ಷದ ನಂತರ ಮತ್ತೆ ವಿಚಾರಿಸಿದರು. ಅವರು ಎಣಿಸಿದ್ದು ಸಣ್ಣ ಸಣ್ಣ ಕರೆಗಳನ್ನು. "ಆ ಹಕ್ಕಿ ನೋಡು" ಎಂದಾಗ ತಿರುಗಿ ನೋಡುವುದು, ನಿಟ್ಟುಸಿರು ಬಿಟ್ಟಾಗ "ಏನಾಯ್ತು" ಎನ್ನುವುದು. ಜೊತೆಯಲ್ಲೇ ಉಳಿದ ದಂಪತಿಗಳು ಇಂಥ ಕರೆಗಳಿಗೆ ನೂರಕ್ಕೆ 86 ಸಲ ಓಗೊಟ್ಟಿದ್ದರು. ಬೇರೆಯಾದವರು 33 ಸಲ ಮಾತ್ರ. ಅಂತರ್ಮುಖಿಗಳ ಮಟ್ಟಿಗೆ ಇದು ದೊಡ್ಡ ಸಮಾಧಾನದ ಸಂಗತಿ, ಏಕೆಂದರೆ ಓಗೊಡಲು ಹೆಚ್ಚು ಮಾತು ಬೇಡ. ತಲೆಯೆತ್ತಿ ನೋಡಿದರೂ ಆಯಿತು.

ಎರಡನೇ, ಮೂರನೇ ಭೇಟಿಯಲ್ಲಿ ನೀವೂ ಇದನ್ನು ಗಮನಿಸಬಹುದು. ನೀವು ಮೆಲ್ಲಗೆ ಹೇಳಿದ ಒಂದು ಸಣ್ಣ ಮಾತು ಅವರಿಗೆ ಮುಂದಿನ ಸಲ ನೆನಪಿದೆಯೇ? ನೀವು ಯೋಚಿಸುತ್ತಾ ಸುಮ್ಮನಾದಾಗ ಅವರು ಐದಾರು ಸೆಕೆಂಡು ಕಾಯುತ್ತಾರೋ ನಿಮ್ಮ ವಾಕ್ಯವನ್ನು ತಾವೇ ಮುಗಿಸುತ್ತಾರೋ? ಎಲ್ಲಕ್ಕಿಂತ ಮುಖ್ಯವಾಗಿ ಒಮ್ಮೆ, ನಿಜವಾಗಿ ದಣಿದಿರುವ ದಿನ, "ಇವತ್ತು ಆಗಲ್ಲ, ಸುಸ್ತಾಗಿದೆ, ಗುರುವಾರ ಮಾತಾಡೋಣ" ಎಂದು ಹೇಳಿ ನೋಡಿ. "ಸರಿ, ಮಲಗಿ, ಗುರುವಾರ ಸಿಗೋಣ" ಎಂದರೆ ಒಳ್ಳೆಯ ಸೂಚನೆ. ಸ್ವಲ್ಪ ನಿರಾಸೆ ತೋರಿಸಿದರೂ ಪರವಾಗಿಲ್ಲ, ಅದು ಸಹಜ. "ಈಗ್ಲೇ ಹೀಗಾದ್ರೆ ಮದ್ವೆ ಆದ್ಮೇಲೆ ಹೆಂಗೋ" ಎಂದು ಚುಚ್ಚಿದರೆ, ಗುರುವಾರದವರೆಗೆ ಹದಿನೈದು ಮಿಸ್ಡ್ ಕಾಲ್ ಬಂದರೆ, ಇದೇ ಮಾತು ಮುಂದೆ ಪ್ರತಿ ವಾರ ಕೇಳಬೇಕಾಗುತ್ತದೆ. ಅಂಥ ಸಂಬಂಧವನ್ನು ನಿಶ್ಚಿತಾರ್ಥಕ್ಕೆ ಮುಂಚೆಯೇ ಬಿಡುವುದು ಮೇಲು.

ಮನೆಯ ಲೆಕ್ಕವನ್ನೂ ಕೇಳಿ. ಮನೆಯಲ್ಲಿ ಎಷ್ಟು ಜನ, ನೆಂಟರು ತಿಂಗಳಿಗೆ ಎಷ್ಟು ಸಲ ಬರುತ್ತಾರೆ, ಬಾಗಿಲು ಹಾಕಿಕೊಂಡರೆ ತಪ್ಪು ತಿಳಿಯುತ್ತಾರೆಯೇ? ಹೆಣ್ಣುಮಕ್ಕಳಿಗೆ ಇದು ಇನ್ನೂ ಅಗತ್ಯ. ಹೆಣ್ಣು ನೋಡಲು ಬಂದಾಗ ಹುಡುಗಿಯ ಮೌನಕ್ಕೆ "ಒಳ್ಳೆ ಸಂಸ್ಕಾರ" ಎನ್ನುತ್ತಾರೆ. ಅದೇ ಮೌನಕ್ಕೆ ಮದುವೆಯಾದ ಆರು ತಿಂಗಳಲ್ಲಿ "ಸೊಸೆಗೆ ದೊಡ್ಡಸ್ತಿಕೆ, ನಮ್ಮ ಜೊತೆ ಸೇರಲ್ಲ" ಎಂಬ ಹೆಸರು ಬರುತ್ತದೆ. ಇದನ್ನು ಹುಡುಗನಿಗೆ ಮೊದಲೇ ಹೇಳಿ, ಅವನು ತನ್ನ ಅಮ್ಮನಿಗೆ ಹೇಗೆ ವಿವರಿಸುತ್ತಾನೆ ಎಂದು ಕೇಳಿ.

ನಿಶ್ಚಿತಾರ್ಥದಿಂದ ಧಾರೆಯವರೆಗೆ

ಈ ತಿಂಗಳುಗಳಲ್ಲಿ ಕಾಟ ಕೊಡುವುದು ಫೋನು. ದಿನಾ ರಾತ್ರಿ ಎರಡು ಗಂಟೆ ಮಾತಾಡಬೇಕು ಎಂಬ ಅಲಿಖಿತ ನಿಯಮವನ್ನು ಮೊದಲ ವಾರ ಪಾಲಿಸಿ ಮೂರನೇ ವಾರ ಕೈಬಿಟ್ಟರೆ "ಪ್ರೀತಿ ಕಡಿಮೆಯಾಯ್ತು" ಎಂದೇ ಅರ್ಥವಾಗುತ್ತದೆ. ಆರಂಭದಲ್ಲೇ ನಿಭಾಯಿಸಬಲ್ಲ ಅಳತೆ ಹೇಳಿ. ದಿನಕ್ಕೆ ಇಪ್ಪತ್ತು ನಿಮಿಷ, ಗೊತ್ತಾದ ಸಮಯಕ್ಕೆ, ವಾರಕ್ಕೊಂದು ದಿನ ಉದ್ದದ ಕರೆ, ನಡುವೆ ವಾಯ್ಸ್ ಮೆಸೇಜು. ವಾಯ್ಸ್ ಮೆಸೇಜು ಮಿತಭಾಷಿಗಳಿಗೆ ಹೇಳಿ ಮಾಡಿಸಿದ್ದು. ಯೋಚಿಸಿ ಹೇಳಬಹುದು, ದನಿಯೂ ತಲುಪುತ್ತದೆ.

ಮದುವೆಯ ಎರಡು ದಿನಗಳಿಗೆ ಪ್ರತ್ಯೇಕ ಯೋಜನೆ ಬೇಕು. ಆರತಕ್ಷತೆಯಲ್ಲಿ ಮೂರು ಗಂಟೆ ವೇದಿಕೆಯ ಮೇಲೆ ನೂರಾರು ಜನರಿಗೆ ಮುಗುಳ್ನಕ್ಕು, ಬೆಳಗಿನ ಜಾವ ಎದ್ದು ಮುಹೂರ್ತಕ್ಕೆ ಕೂರುವುದು ಎಂಥವರನ್ನೂ ಹಿಂಡುತ್ತದೆ. ಆರತಕ್ಷತೆಯ ನಡುವೆ ಹದಿನೈದು ನಿಮಿಷ "ಸೆರಗು ಸರಿ ಮಾಡಿಕೊಂಡು ಬರಲಿ" ಎಂಬ ನೆಪದಲ್ಲಿ ಕೋಣೆಗೆ ಹೋಗುವುದನ್ನು ಛತ್ರದ ವೇಳಾಪಟ್ಟಿಯಲ್ಲೇ ಸೇರಿಸಿ. ಆ ಕೋಣೆಯ ಕೀಲಿ ಒಬ್ಬ ಗೆಳತಿಯ ಕೈಯಲ್ಲಿರಲಿ, ಫೋಟೋದವರು ಒಳಗೆ ಬರದಿರಲಿ. ಬೀಗರ ಊಟ, ಮನೆದೇವರ ದರ್ಶನ, ನೆಂಟರ ಮನೆಯ ಊಟಗಳ ನಡುವೆ ಒಂದು ಪೂರ್ತಿ ದಿನ ಖಾಲಿ ಬಿಡಲು ಹಿರಿಯರನ್ನು ಕೇಳಿಕೊಳ್ಳಿ. ತಿಂಗಳ ಮುಂಚೆ ಕೇಳಿದರೆ ಒಪ್ಪುತ್ತಾರೆ, ಅವತ್ತೇ ಕೇಳಿದರೆ ಅವಮಾನವಾಗುತ್ತದೆ.

ಪ್ರೀತಿ ಕಾಣುವಂತೆ ಮಾಡುವುದು

ಅಂತರ್ಮುಖಿಗಳ ಪ್ರೀತಿ ಹೆಚ್ಚಾಗಿ ಕೆಲಸದಲ್ಲಿರುತ್ತದೆ. ಗಾಡಿಗೆ ಪೆಟ್ರೋಲ್ ತುಂಬಿಸಿಡುವುದು, ಅವಳಿಗೆ ಕೊತ್ತಂಬರಿ ಆಗುವುದಿಲ್ಲ ಎಂದು ಬೇರೆ ತೆಗೆದಿಡುವುದು, ಅವನು ಮಾತಾಡುವಾಗ ಫೋನು ಬದಿಗಿಡುವುದು. ತೊಂದರೆ ಏನೆಂದರೆ ಹೇಳದೆ ಮಾಡಿದ ಕೆಲಸ ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ. ಇದಕ್ಕೆ ಭಾಷಣ ಬೇಡ. ಮಾಡಿದ ಕೆಲಸಕ್ಕೆ ಒಂದು ವಾಕ್ಯ ಜೋಡಿಸಿ, ಅದರಲ್ಲಿ "ನಿನಗಾಗಿ" ಎಂಬುದು ಕೇಳಿಸಲಿ: "ನಾಳೆ ನಿಂಗೆ ಬೇಗ ಹೊರಡ್ಬೇಕಲ್ಲ, ಪೆಟ್ರೋಲ್ ಹಾಕ್ಸಿದೀನಿ." ದಿನಕ್ಕೊಂದು ಇಂಥ ವಾಕ್ಯ ಸಾಕು.

ಒಂದು ಸಂದರ್ಭದಲ್ಲಿ ಮಾತ್ರ ಈ ಮಿತವ್ಯಯ ಕೂಡದು. ಸಂಗಾತಿ ಒಳ್ಳೆಯ ಸುದ್ದಿ ತಂದಾಗ. ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಸಂಗಾತಿಯ ಸಂತೋಷದ ಸುದ್ದಿಗೆ ಉತ್ಸಾಹದಿಂದ ಸ್ಪಂದಿಸುವ ಜೋಡಿಗಳಲ್ಲಿ ತೃಪ್ತಿ ಹೆಚ್ಚು. ಮನಸ್ಸಿನೊಳಗೇ ಖುಷಿಪಟ್ಟು "ಒಳ್ಳೇದಾಯ್ತು" ಎಂದಷ್ಟೇ ಹೇಳುವುದು ಎದುರಿನವರಿಗೆ ತಣ್ಣಗೆ ಕೇಳಿಸುತ್ತದೆ. ಬಡ್ತಿ ಸಿಕ್ಕಿತು ಎಂದು ಅವಳು ಹೇಳಿದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎರಡು ಪ್ರಶ್ನೆ ಕೇಳಿ: "ಯಾರು ಹೇಳಿದ್ರು? ಕೇಳಿದ ತಕ್ಷಣ ಏನನ್ನಿಸ್ತು?" ಹೊಗಳಿಕೆಯ ಮಾತು ಬಾರದವರಿಗೆ ಪ್ರಶ್ನೆ ಸುಲಭ, ಪರಿಣಾಮವೂ ಅಷ್ಟೇ ಚೆನ್ನ.

ದೂರ ಸರಿಯುವ ರೀತಿ

ಮದುವೆಯಾದ ಮೇಲೆ ಅಂತರ್ಮುಖಿಗಳ ಮನೆಗಳಲ್ಲಿ ನಡೆಯುವ ಜಗಳ ಹೆಚ್ಚಾಗಿ ಒಂದೇ ಬಗೆಯದು. ಒಬ್ಬರು ಕೋಣೆಗೆ ಹೋಗುತ್ತಾರೆ, ಇನ್ನೊಬ್ಬರು ಹಿಂದೆ ಬಂದು "ಏನಾಯ್ತು" ಎನ್ನುತ್ತಾರೆ. ಅವರು ಕೇಳಿದಷ್ಟೂ ಇವರು ಮುದುಡುತ್ತಾರೆ, ಇವರು ಮುದುಡಿದಷ್ಟೂ ಅವರು ಕೇಳುತ್ತಾರೆ. ಈ ಸುತ್ತನ್ನು ತುಂಡರಿಸಬೇಕಾದವರು ದೂರ ಸರಿಯುವವರೇ, ಏಕೆಂದರೆ ಎಷ್ಟು ಹೊತ್ತು ಬೇಕೆಂದು ಗೊತ್ತಿರುವುದು ಅವರಿಗೆ ಮಾತ್ರ. ಎದ್ದು ಹೋಗುವ ಮುಂಚೆ ಮೂರು ಸಂಗತಿ ಹೇಳಿ: ಕಾರಣ ನೀನಲ್ಲ, ಇಷ್ಟು ಹೊತ್ತು ಬೇಕು, ಆಮೇಲೆ ಇಂಥದ್ದು ಮಾಡೋಣ. ಹೇಳಿದ ಹೊತ್ತಿಗೆ ನೀವೇ ಎದ್ದು ಬರಬೇಕು. ಎರಡು ಸಲ ತಪ್ಪಿದರೆ ಮೂರನೇ ಸಲ ಆ ಮಾತಿಗೆ ಬೆಲೆ ಇರುವುದಿಲ್ಲ.

ಒಂದು ಭಾನುವಾರವನ್ನು ಪೂರ್ತಿ ನೋಡೋಣ. ಶಿವಮೊಗ್ಗದ ಹುಡುಗಿ, ಲೆಕ್ಕಪತ್ರದ ಕೆಲಸ, ಮಾತು ಕಡಿಮೆ. ಬೆಂಗಳೂರಿನ ಹುಡುಗ, ಔಷಧ ಕಂಪನಿಯ ಪ್ರತಿನಿಧಿ, ದಿನವಿಡೀ ಜನರ ನಡುವೆ ಇರುವವನು. ಮದುವೆಯಾಗಿ ಎರಡು ತಿಂಗಳು, ಅತ್ತೆ ಮಾವನ ಜೊತೆ ವಾಸ. ಅಂದು ಅವನ ದೊಡ್ಡಮ್ಮನ ಕಡೆಯ ಒಂಬತ್ತು ಜನ ಊಟಕ್ಕೆ ಬರುವವರು, ಹತ್ತರಿಂದ ಸಂಜೆ ಐದರವರೆಗೆ. ಅವಳ ಎರಡು ವಾರದ ಲೆಕ್ಕ ಹೇಳುವುದು: ಗುಂಪಿನಲ್ಲಿ ಎರಡೂವರೆ ಗಂಟೆ ಆದ ಮೇಲೆ ತಲೆ ಭಾರ, ನಾಲ್ಕು ಗಂಟೆ ದಾಟಿದರೆ ಸಣ್ಣ ಮಾತಿಗೂ ಸಿಡಿಮಿಡಿ.

ಯೋಜನೆ ಶನಿವಾರ ರಾತ್ರಿಯೇ ಆಗುತ್ತದೆ. ಅವಳು ಹತ್ತರಿಂದ ಹನ್ನೆರಡರವರೆಗೆ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಇರುತ್ತಾಳೆ. ಕೈಯಲ್ಲಿ ಕೆಲಸವಿದ್ದು ಒಬ್ಬಿಬ್ಬರೇ ಇರುವ ಜಾಗ ಅವಳಿಗೆ ಹಾಲಿಗಿಂತ ಹಗುರ. ಊಟ ಬಡಿಸುವುದು, ಎಲ್ಲರ ಜೊತೆ ಕೂರುವುದು ಎರಡರವರೆಗೆ. ಎರಡರಿಂದ ಮುಕ್ಕಾಲು ಗಂಟೆ ಕೋಣೆ. ಅದನ್ನು ಅತ್ತೆಗೆ ಹೇಳಬೇಕಾದವನು ಗಂಡ, ಬೆಳಿಗ್ಗೆ ಕಾಫಿ ಹೊತ್ತಿಗೆ: "ಅಮ್ಮಾ, ಜನ ಜಾಸ್ತಿ ಇದ್ರೆ ಅವಳಿಗೆ ತಲೆ ಭಾರ ಆಗುತ್ತೆ. ಊಟ ಆದ್ಮೇಲೆ ಸ್ವಲ್ಪ ಮಲಗಿ ಎದ್ದು, ಕಾಫಿ ಅವಳೇ ಮಾಡ್ತಾಳೆ. ದೊಡ್ಡಮ್ಮ ಕೇಳಿದ್ರೆ ನೀನೇ ಹೇಳು." ಮಗನೇ ಹೇಳಿದಾಗ ಅದು ಸೊಸೆಯ ದೂರಾಗಿ ಕೇಳಿಸುವುದಿಲ್ಲ, ಅತ್ತೆಗೂ ನೆಂಟರ ಮುಂದೆ ಹೇಳಲು ಒಂದು ಮಾತು ಸಿಕ್ಕಿರುತ್ತದೆ.

ಆ ಮುಕ್ಕಾಲು ಗಂಟೆಯಲ್ಲಿ ಅವಳು ಏನು ಮಾಡುತ್ತಾಳೆ ಎಂಬುದೂ ಮುಖ್ಯ. ಫೋನು ಹಿಡಿದು ರೀಲ್ಸ್ ನೋಡಿದರೆ, ಗುಂಪಿನ ಮೆಸೇಜುಗಳಿಗೆ ಉತ್ತರಿಸಿದರೆ ಮತ್ತೆ ಜನರ ಮುಖ, ಜನರ ದನಿ, ಹಾಗಾಗಿ ಎದ್ದಾಗಲೂ ಅದೇ ಭಾರ. ಫೋನು ಹೊರಗಿಟ್ಟು, ಕಿಟಕಿ ಪರದೆ ಎಳೆದು ಮಲಗುವುದು, ಒಂದಿಷ್ಟು ಓದುವುದು, ಬಟ್ಟೆ ಮಡಿಸುವುದು, ಇವು ಕೆಲಸ ಮಾಡುತ್ತವೆ. ಚೇತರಿಸಿಕೊಂಡಿದ್ದಾಳೋ ಇಲ್ಲವೋ ಎಂದು ತಿಳಿಯುವುದು ಸುಲಭ: ಹೊರಗಿನ ನಗು ಕೇಳಿಸಿದಾಗ ಕಿರಿಕಿರಿಯ ಬದಲು ಏನು ಮಾತಾಡುತ್ತಿದ್ದಾರೋ ಎಂಬ ಕುತೂಹಲ ಬರುತ್ತದೆ. ಮೂರಕ್ಕೆ ಹದಿನೈದು ನಿಮಿಷ ಇರುವಾಗ ಅವಳು ಎದ್ದು ಕಾಫಿಗೆ ನೀರಿಡುತ್ತಾಳೆ, ದೊಡ್ಡಮ್ಮನ ಪಕ್ಕ ಕೂತು ಅವರೊಬ್ಬರ ಜೊತೆ ಹತ್ತು ನಿಮಿಷ ಮಾತಾಡುತ್ತಾಳೆ. ಒಂಬತ್ತು ಜನರ ಜೊತೆ ಚೂರುಚೂರು ಮಾತಿಗಿಂತ ಒಬ್ಬರ ಜೊತೆಗಿನ ಈ ಹತ್ತು ನಿಮಿಷವೇ ನೆಂಟರಿಗೆ ನೆನಪುಳಿಯುತ್ತದೆ.

ರಾತ್ರಿ ಅವನ ಸರದಿ. ಅವನಿಗೆ ಮಾತು ಬೇಕು, ದಿನವಿಡೀ ನಡೆದದ್ದನ್ನು ಹಂಚಿಕೊಳ್ಳಬೇಕು. ಅವಳು ಊಟದ ನಂತರ ಅರ್ಧ ಗಂಟೆ ಅವನ ಜೊತೆ ಬೀದಿ ಸುತ್ತಿ ಬರುತ್ತಾಳೆ, ಅವನು ಹೇಳುತ್ತಾನೆ, ಅವಳು ಕೇಳುತ್ತಾಳೆ, ನಡುನಡುವೆ ಒಂದು ಪ್ರಶ್ನೆ. ಈ ಅರ್ಧ ಗಂಟೆ ತಪ್ಪಿಹೋದರೆ ಯೋಜನೆ ಅವಳಿಗೆ ಮಾತ್ರ ಅನುಕೂಲವಾಗಿ, ಕೆಲವೇ ವಾರದಲ್ಲಿ ಅವನಿಗೆ ಅದರ ಮೇಲೆ ಅಸಮಾಧಾನ ಹುಟ್ಟುತ್ತದೆ.

ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ಇಬ್ಬರೂ ಕೂತು ಈ ಅಳತೆಗಳನ್ನು ತಿದ್ದಿಕೊಳ್ಳಿ. ಮುಕ್ಕಾಲು ಗಂಟೆ ಅರ್ಧ ಗಂಟೆಯಾಗಬಹುದು, ಮಳೆಗಾಲದಲ್ಲಿ ವಾಕಿಂಗ್ ಬದಲು ಅಡುಗೆಮನೆ ಕಟ್ಟೆಯಾಗಬಹುದು. ತಿದ್ದುವಾಗ ಒಂದು ವಿಷಯ ಮಾತ್ರ ಗಟ್ಟಿಯಾಗಿ ನೋಡಿ: ಏಕಾಂತದ ಹೊತ್ತು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಲೇ ಹೋಗಿ, ಎದ್ದು ಬಂದ ಮೇಲೂ ಮಾತು ಬೇಡವೆನಿಸಿ, ಊಟ ನಿದ್ದೆಯೂ ಕೆಟ್ಟಿದ್ದರೆ ಅದು ದಣಿವಲ್ಲ, ಖಿನ್ನತೆ ಇರಬಹುದು, ವೈದ್ಯರನ್ನು ಕಾಣಬೇಕು. ಸಂಗಾತಿ ಅಳುತ್ತಾ ಕೇಳಿದರೂ ದಿನಗಟ್ಟಲೆ ಬೇಕೆಂದೇ ಮಾತು ಬಿಡುವುದು ಶಿಕ್ಷೆ, ಅದನ್ನು ಅಂತರ್ಮುಖಿ ಸ್ವಭಾವದ ಲೆಕ್ಕಕ್ಕೆ ಸೇರಿಸಬಾರದು. ಹಾಗೆ ಮಾಡುತ್ತಿರುವವರು ನೀವೇ ಆಗಿದ್ದರೆ ಆಪ್ತಸಮಾಲೋಚಕರ ಬಳಿಗೆ ಇಬ್ಬರೂ ಒಟ್ಟಿಗೆ ಹೋಗಿ.